ಪಂಜಾಬಿ ಪದಗಳಿಗೆ ನಾನು ಹಾಕಿದ ತಪ್ಪು ಬಾಣಗಳು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರ ನಡುವೆ ಒಂದು ಫೋನ್ ಕರೆ ಬರುತ್ತದೆ. ಅದು ಬರುವ ತನಕ ಎದ್ದು ಹೋಗಬೇಡಿ. ಅಲ್ಲಿಯವರೆಗೆ ನಾನು ಸ್ವಲ್ಪ ಭಾಷೆ, ಸ್ವರ ಅಂತ ತಲೆ ತಿನ್ನಬಹುದು, ತಡೆದುಕೊಳ್ಳಿ. ಆ ಕರೆ ಕೆಟ್ಟಿದ್ದು ನನ್ನಿಂದ. ಹೇಗೆ ಅಂತ ತಿಳಿಯಬೇಕಾದರೆ ಆ ತಲೆ ತಿನ್ನುವ ಭಾಗವೂ ಬೇಕು.

ನಮ್ಮ ಮನೆ ಝಳಕಿಯಲ್ಲಿ. ದಿನಾ ಬಸ್ಸಿನಲ್ಲಿ ಇಂಡಿಗೆ ಹೋಗಿ, ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಜನರ ಅರ್ಜಿ ತುಂಬುವ ಕೆಲಸ ಮಾಡುತ್ತೇನೆ. ಓದಿದ್ದು ಸಿಂದಗಿಯಲ್ಲಿ ಬಿ.ಕಾಂ. ಭಾಷಾಶಾಸ್ತ್ರ ಅನ್ನುವ ಶಾಸ್ತ್ರ ಇದೆ ಅಂತ ನನಗೆ ಗೊತ್ತಾಗಿದ್ದು ಫೋನಿನಲ್ಲಿ, ಅದೂ ಬಸ್ಸು ಕೆಟ್ಟು ಎರಡು ತಾಸು ದಾರಿಯಲ್ಲಿ ಕೂತಾಗ. ಅವತ್ತು ನೋಡಿದ್ದು ಒಂದು ಚೀನೀ ಪಾಠ. ಒಂದೇ 'ಮಾ'. ಸಮವಾಗಿ ಎಳೆದರೆ ತಾಯಿ. ಇಳಿಸಿ ಏರಿಸಿದರೆ ಕುದುರೆ. ನಾನು ಅದನ್ನು ಹತ್ತು ಸಲ ಹಾಕಿ ಕೇಳಿದೆ. ಪಕ್ಕದ ಸೀಟಿನ ಆಯಿ, "ಯವ್ವಾ, ಅದರಾಗ ಕೂಸು ಅಳಾಕತ್ತೈತೇನು?" ಅಂತ ಕೇಳಿದರು.

ಅವತ್ತಿಂದ ಹುಚ್ಚು ಹತ್ತಿತು. ನಮ್ಮ ಕನ್ನಡದಲ್ಲಿ ಹಾಗಿಲ್ಲ. ನಾವು ಸ್ವರ ಏರಿಸುತ್ತೇವೆ, ಇಳಿಸುತ್ತೇವೆ, ಆದರೆ ಪದ ಬದಲಾಗುವುದಿಲ್ಲ. ನನ್ನ ಅವ್ವ ಒಂದು 'ಹೂಂ' ಅನ್ನುವುದನ್ನು ಕೇಳಬೇಕು. ಒಂದು ಹೂಂ ಅಂದರೆ ಒಪ್ಪಿದೆ. ಇನ್ನೊಂದು ಅಂದರೆ ಮುಂದೆ ಹೇಳು. ಮತ್ತೊಂದು ಅಂದರೆ ಮನೆಗೆ ಬಾ, ಮಾಡುತ್ತೇನೆ ನಿನಗೆ. ಆದರೆ ಮೂರರಲ್ಲೂ ಹೂಂ ಮಾತ್ರ ಹೂಂ ಆಗಿಯೇ ಇರುತ್ತದೆ. 'ಊಟಾ ಆತು' ಅನ್ನುವುದನ್ನು ಕೊನೆಗೆ ಏರಿಸಿದರೆ ಪ್ರಶ್ನೆ, ಇಳಿಸಿದರೆ ಉತ್ತರ, ಊಟ ಮಾತ್ರ ಊಟವೇ. ಇಂಗ್ಲಿಷಿನವರದೂ ಹೆಚ್ಚುಕಡಿಮೆ ಇದೇ ಕತೆ, 'ಯೆಸ್' ಅನ್ನುವುದನ್ನು ಹೇಗೆ ಎಳೆದರೂ ಅದು ಯೆಸ್. ಚೀನಿಯಂಥ ಭಾಷೆಯಲ್ಲಿ ಏರಿಳಿತ ಪದದ ಒಳಗೇ ಕೂತಿರುತ್ತದೆ. ನಮ್ಮಲ್ಲಿ 'ಕಲ್ಲು' ಅನ್ನುವುದರ 'ಕ' ತೆಗೆದು 'ಹ' ಇಟ್ಟರೆ ಹಲ್ಲು ಆಗುತ್ತದಲ್ಲ, ಅವರಿಗೆ ಸ್ವರ ಬದಲಿಸುವುದೂ ಅಷ್ಟೇ ದೊಡ್ಡ ಸಂಗತಿ.

ಇಂಥ ಭಾಷೆ ಆಡುವವರನ್ನು ನೋಡಲು ಚೀನಾಕ್ಕೆ ಹೋಗಬೇಕೇನೋ ಅಂದುಕೊಂಡಿದ್ದೆ. ನೋಡಿದರೆ ನಮ್ಮ ಊರಿನ ಹೈವೇ ಮೇಲೇ ಒಬ್ಬರು ತಂದೂರ್ ಒಲೆಯ ಮುಂದೆ ನಿಂತಿದ್ದರು.

ಝಳಕಿಯ ಆಚೆ ಒಂದು ಪಂಜಾಬಿ ಢಾಬಾ ಇದೆ. ಅಲ್ಲಿನ ಅಡಿಗೆಯವರು ಅಮೃತಸರದ ಕಡೆಯ ಒಂದು ಹಳ್ಳಿಯವರು, ಹತ್ತು ವರ್ಷದಿಂದ ಇಲ್ಲೇ ಇದ್ದಾರೆ. ಲಾರಿಯವರು, ಊರವರು ಎಲ್ಲರೂ ಅವರನ್ನು ಪಾಜಿ ಅನ್ನುತ್ತಾರೆ, ಅಂದರೆ ಅಣ್ಣ. ಪಂಜಾಬಿಯಲ್ಲೂ ಸ್ವರ ಇದೆ ಅಂತ ಓದಿದ ದಿನ ನಾನು ನಡೆಯುತ್ತಲೇ ಢಾಬಾಕ್ಕೆ ಹೋದೆ. ಪಾಜಿ ಅನ್ನುವ ಆ ಪದವನ್ನೇ ಅವರ ಲಿಪಿಯಲ್ಲಿ ಬರೆಯುವುದು 'ಭಾಜಿ' ಅಂತ. ಮೊದಲಿಗೆ 'ಭ' ಇರುವ ಪದವನ್ನು ಅವರು 'ಪ' ಅಂತ ಶುರು ಮಾಡಿ, ಮುಂದಿನ ಸ್ವರವನ್ನು ಕೆಳಗೆ ಇಳಿಸಿ ಹೇಳುತ್ತಾರೆ. 'ಘ' ಇದ್ದರೆ 'ಕ', 'ಧ' ಇದ್ದರೆ 'ತ', ಹೀಗೆ. ಉಸಿರು ಹೋಗಿ ಅದರ ಜಾಗದಲ್ಲಿ ಇಳಿತ ಬಂದು ಕೂತಿದೆ. ಮನೆಗೆ 'ಘರ್' ಅಂತ ಬರೆದು, ತಗ್ಗಿಸಿದ ಸ್ವರದಲ್ಲಿ 'ಕರ್' ಅನ್ನುತ್ತಾರೆ. ತಗ್ಗಿಸದೆ ಸಮವಾಗಿ 'ಕರ್' ಅಂದರೆ ಮಾಡು. ಇನ್ನು ಪದದ ಕೊನೆಗೆ ಅಂಥ ಉಸಿರು ಇದ್ದರೆ ಸ್ವರ ಮೇಲಕ್ಕೆ ಹೋಗಿ ಬೀಳುತ್ತದೆ. ಕುಡಿಯುವ ಚಹಾ, 'ಚಾಹ್' ಅಂತ ಬರೆಯುವುದು, ಎತ್ತರದ 'ಚಾ' ಆಗುತ್ತದೆ. ಸಮವಾದ 'ಚಾ' ಅಂದರೆ ಹುರುಪು.

ಇದನ್ನೆಲ್ಲ ಪಾಜಿಗೆ ಹೇಳಿದೆ. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಹೇಳಿದರು, "ಏ ಛೋಟಿ, ನಾವ್ ಹಂಗೇನೂ ಮಾಡಂಗಿಲ್ಲ. ನಾವ್ ಸುಮ್ನ ಮಾತಾಡ್ತೇವಿ."

ಅವರ ಹೆಂಡತಿ ನಕ್ಕರು. ಅವರನ್ನು ನಾನು ಅಕ್ಕ ಅನ್ನುತ್ತೇನೆ. ಹೂವಿನ ಹಿಪ್ಪರಗಿಯವರು. ಢಾಬಾದಲ್ಲಿ ಒಂದು ಕಡೆ ಪಾಜಿಯ ತಂದೂರ್, ಇನ್ನೊಂದು ಕಡೆ ಅಕ್ಕನ ಒಲೆ, ಜೋಳದ ರೊಟ್ಟಿ. ಇಬ್ಬರೂ ಮೆಚ್ಚಿ ಮದುವೆಯಾಗಿ ಆರು ವರ್ಷ. ತಮ್ಮೊಳಗೆ ಹಿಂದಿಯಲ್ಲಿ, ಅರ್ಧ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಾರೆ. ಪಂಜಾಬಿ ಅಕ್ಕನಿಗೆ ಬೇಕಾಗಿರಲಿಲ್ಲ, ಏಕೆಂದರೆ ಪಾಜಿಯ ತಾಯಿ, ಅವರನ್ನು ಬೀಜಿ ಅನ್ನುತ್ತಾರೆ, ಈ ಮದುವೆಯನ್ನು ಒಪ್ಪಿರಲಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ಸೊಸೆಯ ಜೊತೆ ಮಾತಾಡಿರಲಿಲ್ಲ.

ಈಗ ಪಾಜಿಯ ತಂಗಿಯ ಮದುವೆ ಗೊತ್ತಾಗಿತ್ತು. ಬೀಜಿ ಮಗನಿಗೆ ಫೋನ್ ಮಾಡಿ, ಅಕಿನ್ನೂ ಕರೆದುಕೊಂಡು ಬಾ ಅಂದಿದ್ದರು.

"ಅಕಿನ್ನೂ ಅಂತ ನೋಡವ್ವ," ಅಕ್ಕ ಹೇಳಿದರು, "ಆ 'ಊ' ಒಂದು ಸಾಕು ನನಗ. ಆದ್ರ ಅಲ್ಲಿ ಹೋಗಿ ನಾ ಮೂಕಿ ಆಗಿ ನಿಂದರಂಗಿಲ್ಲ. ಹೋಗೂಕ್ಕಿಂತ ಮೊದಲ ಒಂದ್ ಮಾತು ನಾನ ಫೋನಿನ್ಯಾಗ ಹೇಳ್ಬೇಕು. ಇವರ ಬಾಯಿಲೆ ಅಲ್ಲ. ನನ್ನ ಬಾಯಿಲೆ."

"ಯಾವ ಮಾತು?"

"ಬೀಜಿ, ನಾ ಮನಿಗೆ ಬರಾಕತ್ತೇನಿ. ಅಷ್ಟ."

"ಹಿಂದಿ ಒಳಗ ಹೇಳಿದ್ರ ತಿಳೀತೈತಲ್ಲಕ್ಕಾ."

"ತಿಳೀತೈತಿ. ಪೋಸ್ಟಿನವನೂ ಹಿಂದಿ ಒಳಗ ಮಾತಾಡ್ತಾನ. ನಾ ಪೋಸ್ಟಿನಕಿ ಏನು?"

ನಾನು ಕಲಿಸುತ್ತೇನೆ ಅಂದೆ. ಕೇಳದೆಯೇ ಅಂದೆ. ಪಾಜಿಗೆ ಕಲಿಸಲು ಬರುತ್ತಿರಲಿಲ್ಲ. ಅಕ್ಕ ತಪ್ಪು ಹೇಳಿದರೆ, "ಹಂಗಲ್ಲ, ಹಿಂಗ" ಅನ್ನುತ್ತಿದ್ದರು. ಅದು ಹೇಗೆ ಬೇರೆ ಅಂತ ಕೇಳಿದರೆ ಅದನ್ನೇ ಇನ್ನೂ ಜೋರಾಗಿ ಹೇಳುತ್ತಿದ್ದರು. ಆ 'ಹೇಗೆ' ನನ್ನ ಬಳಿ ಇದೆ ಅಂತ ನನಗೆ ಧೈರ್ಯ.

ಮಧ್ಯಾಹ್ನ ಮೂರರಿಂದ ಐದರ ತನಕ ಢಾಬಾದಲ್ಲಿ ಗಿರಾಕಿ ಕಡಿಮೆ. ಒಂದು ಭಾನುವಾರ ಆ ಹೊತ್ತಿಗೆ ನೋಟ್‌ಬುಕ್ ಹಿಡಿದು ಕೂತೆ. ಸುಮಾರು ನಲವತ್ತು ಪದಗಳನ್ನು ಹಿಂದಿಯಲ್ಲಿ ಪಟ್ಟಿ ಮಾಡಿದ್ದೆ. ಮನೆ, ಹಾಲು, ಚಹಾ, ಮಗಳು, ಅಕ್ಕ, ತುಪ್ಪ, ಕೊನೆಯ ಪುಟದ ಕೊನೆಗೆ ಅಕ್ಕನ ವಾಕ್ಯದ ಪದಗಳು, ಬಿಡಿಬಿಡಿಯಾಗಿ. ಒಂದೊಂದು ಪುಟಕ್ಕೆ ಎಂಟು. ಪಾಜಿ ಎದುರಿಗೆ ಕೂತು ಪಟ್ಟಿ ನೋಡಿ ಪುಟಪುಟವಾಗಿ ಪಂಜಾಬಿಯಲ್ಲಿ ಹೇಳಿದರು, ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಮನೆಯಲ್ಲಿ ಕೇಳುತ್ತ ಪ್ರತಿ ಪದದ ತಲೆಯ ಮೇಲೆ ಬಾಣ ಹಾಕಿದೆ. ಸ್ವರ ಏರಿದರೆ ಮೇಲಿನ ಬಾಣ, ಇಳಿದರೆ ಕೆಳಗಿನ ಬಾಣ. ಮೇಲಿನ ಬಾಣಗಳು ಬಹಳ ಬಂದವು. ಇಳಿಯಬೇಕು ಅಂತ ನಾನು ಓದಿದ್ದ ಪದಗಳೂ ಏರುತ್ತಿದ್ದವು. ಆಗ ನಾನು ಏನು ಯೋಚಿಸಿದೆ ಗೊತ್ತೇ? ಪಾಜಿಯ ಹಳ್ಳಿಯ ಮಾತೇ ಬೇರೆ ಇರಬೇಕು, ನಾನು ಹೊಸದೇನೋ ಕಂಡುಹಿಡಿದೆ! ಆ ರಾತ್ರಿ ನನಗೆ ನಿದ್ದೆ ಬಂದಿದ್ದೇ ದೊಡ್ಡದು.

ಅಕ್ಕನಿಗೆ ಬಾಣ ತೋರಿಸಿ ಎರಡು ವಾರ ಕಲಿಸಿದೆ. 'ಬೀಜಿ, ಮೈಂ ಘರ್ ಆ ರಹೀ ಹಾಂ' ಅನ್ನುವ ಆ ಒಂದು ವಾಕ್ಯ. ಪಾಜಿ ಸೋಲಾಪುರಕ್ಕೆ ಸಾಮಾನು ತರಲು ಓಡಾಡುತ್ತಿದ್ದ ದಿನಗಳವು. ನಡುವೆ ಒಮ್ಮೆ ಕೇಳಿಸಿಕೊಂಡು, "ಸ್ವಲ್ಪ ಬ್ಯಾರೆ ಬರಾಕತ್ತೈತಿ" ಅಂದರು. ನಾನು ನೋಟ್‌ಬುಕ್ ತೋರಿಸಿದೆ, "ಪಾಜಿ, ನೀವ ಹೇಳಿದ್ದು, ಬರ್ದಿದ್ದೇನಿ." ಬರೆದದ್ದನ್ನು ನೋಡಿ ಅವರು ತಲೆಯಾಡಿಸಿ ಕೆಲಸಕ್ಕೆ ಹೋದರು. ಹತ್ತನೇ ಕ್ಲಾಸು ಮುಗಿಸದ ಮನುಷ್ಯ, ನನ್ನ ಬಾಣಗಳಿಗೆ ಮರ್ಯಾದೆ ಕೊಟ್ಟರು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಇನ್ನು ಆ ಕರೆ.

ಭಾನುವಾರ ನಾಲ್ಕು ಗಂಟೆ. ಅಕ್ಕ ಕೈ ತೊಳೆದು, ಸೆರಗು ಸರಿ ಮಾಡಿಕೊಂಡು, ಫೋನಿನ ಮುಂದೆ ಕೂತರು, ಫೋನಿನಲ್ಲಿ ಕಾಣುತ್ತಾರೇನೋ ಅನ್ನುವ ಹಾಗೆ. ಪಾಜಿ ಹಚ್ಚಿ ಕೊಟ್ಟರು, ಸ್ಪೀಕರ್ ಇಟ್ಟರು. ಆ ಕಡೆ ಬೀಜಿಯ ದನಿ. ಅಕ್ಕ ವಾಕ್ಯ ಹೇಳಿದರು. ಕಲಿಸಿದ ಹಾಗೇ ಹೇಳಿದರು. ಪ್ರತಿ ಪದವನ್ನೂ ಮೇಲಕ್ಕೆ ಎತ್ತಿ, ಕೊನೆಯದನ್ನು ಧಪ್ಪನೆ ಇಳಿಸಿ. ನನಗೆ ಹೆಮ್ಮೆ.

ಆ ಕಡೆ ಮಾತಿಲ್ಲ. ಅಕ್ಕ ಇನ್ನೊಮ್ಮೆ ಹೇಳಿದರು, ಇನ್ನೂ ಸ್ಪಷ್ಟವಾಗಿ, ಬಾಣ ಬಾಣವೂ ಕಾಣುವ ಹಾಗೆ. ಬೀಜಿ ಏನೋ ಅಂದರು, ಬಿಗಿಯಾಗಿ. ಪಾಜಿ ಫೋನ್ ತೆಗೆದುಕೊಂಡು ಹೊರಗೆ ಹೋದರು. ಬಹಳ ಹೊತ್ತಿಗೆ ಬಂದರು.

"ಏನಂದ್ರು?" ಅಕ್ಕ ಕೇಳಿದರು.

"ಏನಿಲ್ಲ."

"ಏನಂದ್ರು ಹೇಳ್ರಿ."

ಪಾಜಿ ನೆಲ ನೋಡುತ್ತ ಹೇಳಿದರು, "ಅಣಕಸಾಕತ್ತಾಳ ಅಂದ್ಳು. ನಮ್ ಮಾತು ಹಾಡಿದಂಗ ಮಾಡಿ ತೋರಿಸಾಕತ್ತಾಳ ಅಂದ್ಳು."

ಅಕ್ಕ ನನ್ನ ಕಡೆ ನೋಡಲಿಲ್ಲ. ಎದ್ದು ಒಲೆಯ ಕಡೆ ಹೋಗಿ ಹಿಟ್ಟು ಕಲಸಲು ಶುರು ಮಾಡಿದರು. ಆ ಹೊತ್ತಿಗೆ ಗಿರಾಕಿಯೇ ಇರಲಿಲ್ಲ.

ತಪ್ಪು ಪದ ಹೇಳಿದ್ದರೆ ಬೀಜಿ ತಿಳಿದುಕೊಳ್ಳುತ್ತಿದ್ದರು. ಮನೆ ಅನ್ನುವ ಕಡೆ ಮಾಡು ಅಂದರೂ ವಾಕ್ಯ ನೋಡಿ ಅರ್ಥ ಆಗುತ್ತದೆ, ನಾವೂ ಹೊರಗಿನವರ ಕನ್ನಡವನ್ನು ಹಾಗೇ ತಿಳಿದುಕೊಳ್ಳುತ್ತೇವಲ್ಲ. ಇದು ಹಾಗಲ್ಲ. ಬೀಜಿಗೆ ಕೇಳಿಸಿದ್ದು ತಪ್ಪಲ್ಲ, ಚೇಷ್ಟೆ. ಯಾಕೆ ಅಂತ ನನಗೆ ತಿಳಿಯಲಿಲ್ಲ.

ಮರುದಿನ ಇಂಡಿಗೆ ಹೋಗುವ ಬಸ್ಸಿನಲ್ಲಿ ನೋಟ್‌ಬುಕ್ ತೆರೆದೆ. ಮರೆವಿನಿಂದ ಹಾಲನ್ನು ಎರಡು ಸಲ ಬರೆದಿದ್ದೆ. ಮೊದಲ ಪುಟದ ಕೊನೆಗೆ ಒಂದು, ಮೂರನೇ ಪುಟದ ನಡುವೆ ಒಂದು. ಮೊದಲನೆಯದಕ್ಕೆ ಕೆಳಗಿನ ಬಾಣ, ಎರಡನೆಯದಕ್ಕೆ ಮೇಲಿನ ಬಾಣ. ಒಂದೇ ಪದ, ಒಂದೇ ಬಾಯಿ, ಒಂದೇ ದಿನ. ಇನ್ನೊಂದು ಪುಟ ನೋಡಿದೆ. ಕೊನೆಯ ಪದಕ್ಕೆ ಕೆಳಗಿನ ಬಾಣ, ಉಳಿದವಕ್ಕೆ ಮೇಲಿನದು. ಎಲ್ಲಾ ಪುಟದಲ್ಲೂ ಹಾಗೇ.

ಸಂಜೆ ಇಳಿದು ನೇರ ಢಾಬಾಕ್ಕೆ ಹೋದೆ. ಒಬ್ಬ ಲಾರಿ ಡ್ರೈವರ್ ಕುರ್ಚಿ ಎಳೆದು, ಏನೈತಿ ಅಂದ. ಅಲ್ಲಿ ಮೆನು ಕಾರ್ಡ್ ಇಲ್ಲ, ಪಾಜಿಯೇ ಬಾಯಲ್ಲಿ ಹೇಳುತ್ತಾರೆ. "ದಾಲ್ ಫ್ರೈ, ದಾಲ್ ತಡ್ಕಾ, ಆಲೂ ಗೋಬಿ, ಪಾಲಕ್ ಪನೀರ್, ಸೇವ್ ಭಾಜಿ, ಅಂಡಾ ಕರಿ..." ಪ್ರತಿಯೊಂದನ್ನೂ ಮೇಲಕ್ಕೆ ಎತ್ತಿ, ಇನ್ನೂ ಇದೆ ಇನ್ನೂ ಇದೆ ಅನ್ನುವ ಹಾಗೆ. ಕೊನೆಗೆ "ಜೀರಾ ರೈಸ್", ಇಳಿಸಿ ಮುಗಿಸಿದರು.

ನನ್ನ ನಲವತ್ತು ಪದಗಳನ್ನೂ ಅವರು ಊಟದ ಪಟ್ಟಿಯ ಹಾಗೆ ಹೇಳಿದ್ದರು! ಪದದ ಒಳಗಿನ ಸ್ವರ ಕೆಳಗೆ ಇದ್ದೇ ಇತ್ತು, ಅದರ ಮೇಲೆ ಪಟ್ಟಿಯ ರಾಗ ಹೊದ್ದುಕೊಂಡಿತ್ತು. ಸ್ವರದ ಭಾಷೆಯವರಿಗೂ ನಮ್ಮ ಹಾಗೆ ಮಾತಿನ ಏರಿಳಿತ ಇರುತ್ತದೆ ಅನ್ನುವುದನ್ನು ನಾನು ಮರೆತಿದ್ದೆ. ನನ್ನ ಕನ್ನಡದ ಕಿವಿಗೆ ಪರಿಚಯ ಇದ್ದದ್ದು ಆ ಮೇಲಿನ ರಾಗ ಒಂದೇ, ಅದನ್ನೇ ಹಿಡಿದೆ. ಆಮೇಲೆ ಅದನ್ನೇ ಅಕ್ಕನ ಬಾಯಿಗೆ ಹಾಕಿದೆ. ಆರು ವರ್ಷದ ನಂತರದ ಮೊದಲ ಮಾತನ್ನು ಅಕ್ಕ ಅತ್ತೆಗೆ ಹೋಟೆಲಿನವರ ಹಾಗೆ ಕೂಗಿ ಹೇಳಿದ್ದರು.

ಒಲೆಯ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಅಕ್ಕ ರೊಟ್ಟಿ ಬಡಿಯುತ್ತ ಕೇಳಿದರು. ಬಡಿತ ಜೋರಾಯಿತು.

"ಅಂದ್ರ ಅವರು ಬ್ಯಾರೆ ಬರಾಕತ್ತೈತಿ ಅಂದಾಗ ನೀ ಪುಸ್ತಕ ತೋರಿಸಿದಿ."

"ಹೌದಕ್ಕಾ."

"ಅವರ ಮಾತು ಅವರಿಗೇ ಗೊತ್ತಿಲ್ಲ ಅಂದಿ."

"ಹಂಗಂದಿಲ್ಲ..."

"ಅಂದಂಗ ಆತಿಲ್ಲೋ?"

ಆಯಿತು. ಪಾಜಿ ನಡುವೆ ಬಂದು, "ಬಿಡು, ನಾನ ಫೋನ್ ಹಚ್ಚಿ ಬೀಜಿಗೆ ಹಿಂಗಾತು ಅಂತ ತಿಳಿಸಿ ಹೇಳ್ತೇನಿ" ಅಂದರು.

"ನೀವ್ ಏನೂ ಹೇಳಬ್ಯಾಡ್ರಿ," ಅಕ್ಕ ಅಂದರು. "ಆರು ವರ್ಷ ನೀವ ಹೇಳೀರಿ." ಆಮೇಲೆ ನನ್ನ ಕಡೆ ತಿರುಗಿ, "ನೀ ಏನ್ ನಿಂತಿ? ಕೆಡಿಸಿದಕಿ ನೀನ, ರಿಪೇರಿನೂ ನೀನ ಮಾಡು. ಆ ಪುಸ್ತಕ ಮಾತ್ರ ತರಬ್ಯಾಡ."

ಮದುವೆಗೆ ಇನ್ನು ಹತ್ತು ದಿನ ಇತ್ತು. ಈ ಸಲ ನಾನು ಸರಿಯಾಗಿ ಓದಿದೆ. ಪಟ್ಟಿಯ ರಾಗ ಬರಬಾರದು ಅಂದರೆ ಪದವನ್ನು ಒಂಟಿಯಾಗಿ ಕೇಳಬಾರದು, ಒಂದೇ ವಾಕ್ಯದ ನಡುವೆ ಇಟ್ಟು ಹೇಳಿಸಬೇಕು. 'ಈಗ ನಾನು ಇಂಥದ್ದು ಅಂದೆ' ಅನ್ನುವಂಥ ವಾಕ್ಯ. ಆ 'ಇಂಥದ್ದು' ಒಂದೇ ಬದಲಾಗಬೇಕು, ಹಿಂದಿನದು ಮುಂದಿನದು ಹಾಗೇ ಇರಬೇಕು. ಪಾಜಿ ಹಾಗೆ ಹೇಳಿದಾಗ 'ಮನೆ' ಮತ್ತು 'ಮಾಡು' ಎರಡೂ ಬೇರೆ ಬೇರೆಯಾಗಿ ಕಿವಿಗೆ ಬಿದ್ದವು. ಮಾಡು ಸಮವಾಗಿ ಹೋಯಿತು. ಮನೆ ಒಂದು ಮೆಟ್ಟಿಲು ಕೆಳಗೆ ಇಳಿದು, ಅಲ್ಲಿಂದ ಎದ್ದಿತು. ನನಗೆ ಮೈ ಜುಮ್ಮೆಂದಿತು. ಪಾಜಿಗೂ ಅಷ್ಟೇ. "ಅರೇ," ಅಂದರು, "ನಾ ಹಿಂಗ್ ಅಂತೇನೇನು?"

ಆದರೆ ಅಕ್ಕನಿಗೆ ಕೇಳಿಸಲಿಲ್ಲ. "ಎರಡೂ ಒಂದ ಐತಿ" ಅಂದರು. ಕ ಮತ್ತು ರ ಕಿವಿಯನ್ನು ತುಂಬಿಬಿಡುತ್ತಿದ್ದವು. ಆಗ ನಾನು ಓದಿದ್ದ ಇನ್ನೊಂದು ಉಪಾಯ ಮಾಡಿದೆ. ಪಾಜಿ ಬಾಯಿ ಮುಚ್ಚಿಕೊಂಡು ಆ ವಾಕ್ಯವನ್ನು ಮೂಗಿನಲ್ಲಿ ಗುನುಗಬೇಕು. ಅಕ್ಷರ ಎಲ್ಲಾ ಹೋಗಿ ಸ್ವರ ಒಂದೇ ಉಳಿಯುತ್ತದೆ. ಅಕ್ಕ ಬೆನ್ನು ತಿರುಗಿಸಿ ನಿಂತು, ಮನೆ ಅನ್ನಿಸಿದರೆ ಎಡಗೈ, ಮಾಡು ಅನ್ನಿಸಿದರೆ ಬಲಗೈ ಎತ್ತಬೇಕು.

ಮೊದಲ ದಿನ ಅಂದಾಜಿನ ಮೇಲೆ ಎತ್ತಿದರು. ನೀರು ಕುಡಿಯಲು ಬಂದ ಒಬ್ಬ ಮುದುಕರು ನಿಂತು ನೋಡಿ, "ಇದೇನ್ ಡ್ರಿಲ್ಲೋ, ಜಡ್ಡೋ?" ಅಂದರು.

"ಪಂಜಾಬಿ ಸಾಲಿ ರೀ ಕಾಕಾ," ಅಕ್ಕ ಕೈ ಇಳಿಸದೆ ಅಂದರು. "ಮಾಸ್ತರು ಮೂಗಿನ್ಯಾಗ ಪಾಠ ಮಾಡ್ತಾರ."

ನಾಲ್ಕನೇ ದಿನ ಎಡಗೈ ತಪ್ಪದೆ ಏಳತೊಡಗಿತು. ಆಮೇಲೆ ತಿರುಗಾಮುರುಗಾ. ಅಕ್ಕ ಗುನುಗುವುದು, ಪಾಜಿ ಕೈ ಎತ್ತುವುದು. ಅಲ್ಲಿ ಇನ್ನೊಂದು ತೊಡಕು. ಅಕ್ಕ ಪಾಜಿಯ ದಪ್ಪ ದನಿಯ ಅಷ್ಟು ಕೆಳಗೆ ಹೋಗಲು ನೋಡಿದಾಗ ಅವರ ಗಂಟಲು ಕರಕರ ಅನ್ನತೊಡಗಿತು. ಅಷ್ಟು ಕೆಳಗೆ ಬೇಡ, ನಿಮ್ಮದೇ ದನಿಯಲ್ಲಿ ನಿಮ್ಮ ಮುಂದಿನ ಪದಕ್ಕಿಂತ ಕೆಳಗೆ ಇದ್ದರೆ ಸಾಕು ಅಂದೆ. ಸಣ್ಣ ದನಿಯವರ ತಗ್ಗು ದಪ್ಪ ದನಿಯವರ ಎತ್ತರಕ್ಕಿಂತ ಮೇಲಿರಬಹುದು, ಕೇಳುವವರು ಆ ಮನುಷ್ಯನ ದನಿಗೆ ಹೋಲಿಸಿಯೇ ಕೇಳುತ್ತಾರೆ.

"ಅದನ್ನ ಮೊದಲ ಹೇಳಬಾರದೇನ ಹುಡುಗಿ?" ಅಕ್ಕ ನೀರು ಕುಡಿದು ಅಂದರು. "ನಾ ಗಂಡಸ ಆಗಾಕ ಹೊಂಟಿದ್ನಿ."

ಹೊರಡುವ ಮುಂಚಿನ ಭಾನುವಾರ ಅಕ್ಕ ತಾವೇ ಫೋನ್ ಹಚ್ಚಿದರು. ಸ್ಪೀಕರ್ ಇಡಲಿಲ್ಲ. ಬೀಜಿ ಎತ್ತಿದ ತಕ್ಷಣ ಹೇಳಿಬಿಟ್ಟರು, ಒಂದೇ ಸಲ, ಮಾತಿನ ಹಾಗೆ, ಸಣ್ಣ ದನಿಯಲ್ಲಿ. ಅಕ್ಕನ 'ಘರ್' ಒಂದು ಮೆಟ್ಟಿಲು ಇಳಿದಿದ್ದನ್ನು ನಾನು ಎದುರಿಗೆ ಕೂತು ಕೇಳಿದೆ. ಸ್ವಲ್ಪ ಹೆಚ್ಚೇ ಇಳಿಯಿತು.

ಅಕ್ಕನ ಕೈ ಮೇಜಿನ ಅಂಚು ಹಿಡಿದಿತ್ತು. ಫೋನಿನಿಂದ ಸಣ್ಣಗೆ ಎರಡು ಪದ ಕೇಳಿಸಿತು. "ಫೇರ್ ಬೋಲ್." ಇನ್ನೊಮ್ಮೆ ಹೇಳು.

ಅಕ್ಕ ಪಾಜಿಯ ಕಡೆ ನೋಡಿದರು. ಪಾಜಿ ಕೈ ಚಾಚಿದರು, ನಾನು ಮಾತಾಡುತ್ತೇನೆ ಕೊಡು ಅನ್ನುವ ಹಾಗೆ. ಅಕ್ಕ ಕುರ್ಚಿಯನ್ನೇ ತಿರುಗಿಸಿಕೊಂಡು ಮತ್ತೆ ಹೇಳಿದರು. ಆ ಕಡೆಯಿಂದ ಬೀಜಿ ಆ ಒಂದು ಪದವನ್ನು ಹೇಳಿದರು, ತಾವು ಹೇಳುವ ಹಾಗೆ, ನಿಧಾನವಾಗಿ. ಅಕ್ಕ ಹೇಳಿದರು. ಬೀಜಿ ಮತ್ತೆ ಹೇಳಿದರು. ಹೀಗೆ ಐದಾರು ಸಲ ಫೋನಿನ ಆ ತುದಿ ಈ ತುದಿ ಮನೆ, ಮನೆ, ಮನೆ. ಕೊನೆಗೆ ಬೀಜಿಗೆ ಸರಿ ಅನ್ನಿಸಿರಬೇಕು. ಅವರು ನಿಲ್ಲಿಸದೆ ಉದ್ದಕ್ಕೆ ಏನೇನೋ ಹೇಳತೊಡಗಿದರು. ಅದರಲ್ಲಿ ಅಕ್ಕನಿಗೆ ಕಾಲು ಭಾಗ ತಿಳಿದಿದ್ದರೆ ಹೆಚ್ಚು. "ಹಾಂ ಜೀ, ಹಾಂ ಜೀ" ಅನ್ನುತ್ತ ಕಣ್ಣು ಒರೆಸಿಕೊಂಡರು.

ಫೋನ್ ಇಟ್ಟ ಮೇಲೆ ಪಾಜಿ, "ಏನಂದ್ಳು? ಏನಂದ್ಳು?" ಅಂತ ಸುತ್ತ ತಿರುಗಿದರು.

"ನಿಮಗ್ಯಾಕ ಹೇಳ್ಲಿ?" ಅಕ್ಕ ಅಂದರು. "ನಾವ್ ಅತ್ತಿ ಸೊಸಿ ಮಾತಾಡೇವಿ."

ಆಮೇಲೆ ನನ್ನನ್ನು ಒಲೆಯ ಹತ್ತಿರ ಕರೆದು ಮೆಲ್ಲಗೆ ಹೇಳಿದರು, ಕೊನೆಕೊನೆಗೆ ಒಂದು ಮಾತು ಮಾತ್ರ ಪೂರಾ ತಿಳಿಯಿತಂತೆ. ದಿನಾ ಈ ಹೊತ್ತಿಗೆ ಫೋನ್ ಮಾಡು, ನಾನು ಕಲಿಸುತ್ತೇನೆ, ನನ್ನ ಮಗನಿಗೆ ಮೊದಲಿನಿಂದಲೂ ಕಲಿಸಲು ಬರುವುದಿಲ್ಲ.

ಅಲ್ಲಿಗೆ ನನ್ನ ಮಾಸ್ತರಿಕೆ ಮುಗಿಯಿತು. ಮದುವೆಗೆ ಹೋದ ಅಕ್ಕ ಅಲ್ಲಿಂದ ಒಂದು ವಾಯ್ಸ್ ಮೆಸೇಜ್ ಕಳಿಸಿದರು. ಅದರಲ್ಲಿ ಬರೀ ಪಂಜಾಬಿ, ಹಿಂದೆ ಹೆಂಗಸರ ನಗು. ಒಂದು ಪದವೂ ನನಗೆ ಪೂರಾ ಹಿಡಿಯಲಿಲ್ಲ. ಸ್ವರ ಮಾತ್ರ ಇಳಿಯಬೇಕಾದಲ್ಲಿ ಇಳಿಯುತ್ತಿತ್ತು ಅನ್ನಿಸಿತು, ಆದರೆ ಬಾಣ ಹಾಕಲು ಕೈ ಹೋಗಲಿಲ್ಲ.

ಮುದ್ದೇಬಿಹಾಳದಲ್ಲೋ ಬಾಗೇವಾಡಿಯಲ್ಲೋ, ಯಾವ ಊರಲ್ಲೇ ಇರಿ, ನಿಮ್ಮ ಮನೆಗೆ, ಅಂಗಡಿಗೆ, ಹೊಲಕ್ಕೆ ಬೇರೆ ಭಾಷೆಯವರು ಬಂದೇ ಇರುತ್ತಾರೆ. ಅವರ ಮಾತನ್ನು ಕಲಿಯಲು ಹೋಗಿ ನಿಮಗೆ ಏನಾಯಿತು? ಯಾವ ಪದ ನಾಲಿಗೆಗೆ ಬಂದರೂ ದನಿಗೆ ಬರಲಿಲ್ಲ? ಯಾರು ಕೂತು ತಿದ್ದಿದರು? ಕೆಳಗೆ ಬರೆಯಿರಿ. ದನಿಯಲ್ಲಿ ಕಳಿಸಿದರೆ ಇನ್ನೂ ಒಳ್ಳೆಯದು, ಈ ವಿಷಯದಲ್ಲಿ ಬರೆದದ್ದನ್ನು ಪೂರ್ತಿ ನಂಬಲು ನನಗೆ ಈಗ ಧೈರ್ಯ ಸಾಲದು.